ಯಾವ ರಿಜಿಸ್ಟರ್ ತೆಗೆಯಲಿ?

ಕೆಳಗಿನ ಇ-ಮೇಲ್ ಯಾರೊಬ್ಬರದೂ ಅಲ್ಲ. ಜನನ ಪ್ರಮಾಣ ಪತ್ರದ ಪ್ರತಿ ಕೇಳಿ ಕಚೇರಿಗಳಿಗೆ ಬರೆಯುವ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪುಗಳನ್ನು ಒಂದೆಡೆ ಸೇರಿಸಿ ಮಾಡಿದ ಮಾದರಿ ಅದು. ತಿದ್ದಲು ಅದನ್ನು ಇಬ್ಬರ ಮುಂದಿಟ್ಟಿದ್ದೇನೆ. ಒಬ್ಬರು ಕನ್ನಡ ಮೇಷ್ಟ್ರು, ಇನ್ನೊಬ್ಬರು ಜನನ-ಮರಣ ನೋಂದಣಿಯ ಟೇಬಲ್ಲಿನಲ್ಲಿ ಕೆಲಸ ಮಾಡಿದ ಗುಮಾಸ್ತರು. ಇಬ್ಬರ ಮಾತೂ ನನ್ನದೇ ವಾದದ ಎರಡು ಬದಿ.

ವಿಷಯ: ಅರ್ಜೆಂಟ್!! ಸರ್ಟಿಫಿಕೇಟ್ ಕುರಿತು

ಸನ್ಮಾನ್ಯ ಶ್ರೀ ಉಪನೋಂದಣಾಧಿಕಾರಿಗಳವರ ದಿವ್ಯ ಸಮ್ಮುಖಕ್ಕೆ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು 1987-88ನೇ ಸಾಲಿನಲ್ಲಿ ತಮ್ಮ ಊರಿನಲ್ಲಿ ಜನಿಸಿದ್ದು, ನನ್ನ ಜನನ ಪ್ರಮಾಣ ಪತ್ರವು ಕಳೆದುಹೋಗಿದ್ದು, ಸದರಿ ಪ್ರಮಾಣ ಪತ್ರದ ನಕಲಿ ಅತ್ಯಗತ್ಯವಾಗಿ ಬೇಕಾಗಿದ್ದು, ಅದರಲ್ಲಿ ನನ್ನ ಹೆಸರನ್ನೂ ಸೇರಿಸಿ ದಯಪಾಲಿಸಬೇಕೆಂದು ಈ ಮೂಲಕ ಕೋರಲಾಗಿದೆ. ಅಗತ್ಯ ದಾಖಲೆಗಳನ್ನು ಲಗತ್ತಿಸಲಾಗಿದೆ. ತಮ್ಮ ಅವಗಾಹನೆಗೆ ಹಾಗೂ ಮುಂದಿನ ಸೂಕ್ತ ಕ್ರಮಕ್ಕಾಗಿ ಸಲ್ಲಿಸಿದೆ.

ಇಂತಿ ತಮ್ಮ ವಿಧೇಯ

ಮೇಷ್ಟ್ರು: ಮೊದಲು ವ್ಯಾಕರಣದಿಂದಲೇ ಹಿಡಿಯೋಣ. ‘ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಶುರುವಾದ ವಾಕ್ಯ ‘ಕೋರಲಾಗಿದೆ’ ಎಂದು ಮುಗಿದಿದೆ. ವಿನಂತಿ ಮಾಡುವುದೂ ಕೋರುವುದೂ ಒಂದೇ ಕೆಲಸ. ಅದನ್ನು ವಾಕ್ಯದ ತಲೆಯಲ್ಲೂ ಬಾಲದಲ್ಲೂ ಹೇಳಿದ್ದಾರೆ. ನಡುವೆ ‘ಜನಿಸಿದ್ದು, ಕಳೆದುಹೋಗಿದ್ದು, ಬೇಕಾಗಿದ್ದು’ ಎಂದು ಮೂರು ಸಲ ‘ದ್ದು’ ಪೋಣಿಸಿರುವುದರಿಂದ ಯಾವುದು ಕಾರಣ, ಯಾವುದು ಕೋರಿಕೆ ಎಂಬುದು ತಿಳಿಯುವುದಿಲ್ಲ. ‘ನಕಲಿ’ ಎಂಬುದಂತೂ ಅಪಾಯದ ಮಾತು. ನಕಲು ಎಂದರೆ ಪ್ರತಿ, ನಕಲಿ ಎಂದರೆ ಖೋಟಾ. ಸರ್ಕಾರಿ ಕಚೇರಿಗೇ ಬರೆದು ಖೋಟಾ ಪ್ರಮಾಣ ಪತ್ರ ಕೇಳಿದಂತಾಯಿತು. ಇನ್ನು ‘ದಯಪಾಲಿಸು’ ದೇವರ ಮುಂದೆ ಆಡುವ ಮಾತು, ‘ದಿವ್ಯ ಸಮ್ಮುಖ’ ಮಠಕ್ಕೆ ಬರೆಯುವ ಬಿನ್ನವತ್ತಳೆಯದು. ಇವಿಷ್ಟನ್ನೂ ತಿದ್ದಿ, ವಾಕ್ಯವನ್ನು ಮೂರು ತುಂಡು ಮಾಡಿದರೆ ಪತ್ರ ಸರಿಯಾಯಿತು ಎನ್ನುತ್ತೇನೆ.

ಗುಮಾಸ್ತರು: ಅಷ್ಟನ್ನೂ ತಿದ್ದಿದಿರಿ ಅಂತಲೇ ಇಟ್ಟುಕೊಳ್ಳಿ ಮೇಷ್ಟ್ರೇ. ಪತ್ರ ಟೇಬಲ್ಲಿಗೆ ಬಂತು, ಓದಲು ಹಿತವಾಗಿದೆ, ಒಂದು ಅಕ್ಷರದ ತಪ್ಪೂ ಇಲ್ಲ. ಈಗ ನಾನು ಎದ್ದು ಬೀರುವಿನ ಬಾಗಿಲು ತೆಗೆಯಬೇಕು. ಯಾವ ರಿಜಿಸ್ಟರ್ ತೆಗೆಯಲಿ? ನಿಮ್ಮ ತಿದ್ದುಪಡಿ ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಈ ಪತ್ರದಲ್ಲಿ ಹುಟ್ಟಿದ ತಾರೀಖಿಲ್ಲ, ಹುಟ್ಟಿದ ಜಾಗವಿಲ್ಲ, ತಂದೆ-ತಾಯಿಯ ಹೆಸರಿಲ್ಲ, ಗಂಡೋ ಹೆಣ್ಣೋ ಎಂಬುದೂ ಇಲ್ಲ. ಕಡೆಗೆ ಸಹಿಯ ಜಾಗದಲ್ಲಿ ಹೆಸರೂ ಇಲ್ಲ. ‘ತಮ್ಮ ವಿಧೇಯ’ ಅಂತ ಬರೆದು, ಯಾವ ವಿಧೇಯ ಅನ್ನುವುದನ್ನು ಇ-ಮೇಲ್ ವಿಳಾಸ ನೋಡಿ ಊಹಿಸಿಕೊಳ್ಳಿ ಅಂತ ಬಿಟ್ಟಿದ್ದಾರೆ. ಕಚೇರಿಯ ಪತ್ರದಲ್ಲಿ ಔಪಚಾರಿಕ ತಪ್ಪು ಅನ್ನುವುದು ಸಭ್ಯತೆಯ ತಪ್ಪೂ ಅಲ್ಲ, ಬರೀ ವ್ಯಾಕರಣದ ತಪ್ಪೂ ಅಲ್ಲ. ಯಾವ ಮಾತು ಓದಿದವನ ಕೈಗೆ ಕೆಲಸ ಕೊಡುವುದಿಲ್ಲವೋ ಅದು ತಪ್ಪು. ನನ್ನ ಲೆಕ್ಕದಲ್ಲಿ ‘ನಕಲಿ’ ಸಣ್ಣ ತಪ್ಪು, ಯಾಕೆಂದರೆ ಅದನ್ನು ಓದಿದ ಯಾರಿಗಾದರೂ ಬರೆದವರಿಗೆ ಬೇಕಾದದ್ದು ಏನೆಂದು ಗೊತ್ತಾಗುತ್ತದೆ. ‘ತಮ್ಮ ಊರಿನಲ್ಲಿ ಜನಿಸಿದ್ದು’ ಅನ್ನುವುದು ದೊಡ್ಡ ತಪ್ಪು.

ಮೇಷ್ಟ್ರು: ಅದು ವಿವರದ ಕೊರತೆಯಾಯಿತೇ ಹೊರತು ಭಾಷೆಯ ತಪ್ಪು ಹೇಗಾದೀತು? ವಿವರ ಬಿಟ್ಟುಹೋಗಿದ್ದರೆ ತುಂಬಿಸಿಕೊಳ್ಳಲಿ. ನುಡಿ ಬೇರೆ, ಮಾಹಿತಿ ಬೇರೆ.

ಗುಮಾಸ್ತರು: ಬೇರೆ ಅಂತ ಮೇಲ್ನೋಟಕ್ಕೆ ಕಾಣುತ್ತದೆ ಅಷ್ಟೆ. ವಿವರ ಬಿಟ್ಟುಹೋದದ್ದು ಮರೆವಿನಿಂದಲ್ಲ, ಆ ನುಡಿಗಟ್ಟು ವಿವರದ ಜಾಗವನ್ನು ತುಂಬಿಬಿಟ್ಟದ್ದರಿಂದ. ‘ತಮ್ಮ ಊರಿನಲ್ಲಿ’ ಅಂತ ಬರೆದಾಗ ಬರೆದವರಿಗೆ ಜಾಗ ಹೇಳಿ ಆಯಿತು ಅನ್ನಿಸಿತು. ಒಂದು ಉದಾಹರಣೆಯನ್ನು ಪೂರ್ತಿ ಹಿಡಿದು ನೋಡಿ. ತಂದೆ-ತಾಯಿ ದಾವಣಗೆರೆಯಲ್ಲಿ ವಾಸ. ತಾಯಿಯ ತವರು ತಿಪಟೂರು. ಚೊಚ್ಚಲ ಹೆರಿಗೆ, ಬಾಣಂತನಕ್ಕೆ ತವರಿಗೆ ಬಂದಿದ್ದಾರೆ, ತಿಪಟೂರಿನ ಸರ್ಕಾರಿ ಆಸ್ಪತ್ರೆಯಲ್ಲಿ 1987ರ ಡಿಸೆಂಬರ್ 27ರಂದು ಹೆಣ್ಣು ಮಗು. ಆ ಮಗು ಬೆಳೆದದ್ದು, ಓದಿದ್ದು ಎಲ್ಲ ದಾವಣಗೆರೆ. ಈಗ ವಿದೇಶದಲ್ಲಿ ಯಾರೋ ಜನನ ಪ್ರಮಾಣ ಪತ್ರ ಕೇಳಿದಾಗ ಆಕೆ ಸಹಜವಾಗಿಯೇ ದಾವಣಗೆರೆಗೆ ಬರೆಯುತ್ತಾರೆ. ಆದರೆ 1969ರ ಜನನ ಮತ್ತು ಮರಣ ನೋಂದಣಿ ಕಾಯ್ದೆಯ ಲೆಕ್ಕ ವಾಸದ ಊರಿನದಲ್ಲ, ಹುಟ್ಟಿದ ಜಾಗದ್ದು. ಮಗು ಎಲ್ಲಿ ಹುಟ್ಟಿತೋ ಆ ವ್ಯಾಪ್ತಿಯ ನೋಂದಣಾಧಿಕಾರಿಯ ರಿಜಿಸ್ಟರಿನಲ್ಲಿ ಅದರ ಹುಟ್ಟಿನ ನಮೂದಿರುತ್ತದೆ. ತವರಿನ ಹೆರಿಗೆ ಮನೆಮನೆಯ ಪದ್ಧತಿಯಾಗಿರುವ ನಾಡಿನಲ್ಲಿ ‘ತಮ್ಮ ಊರು’ ಅನ್ನುವ ಮಾತಿನಿಂದ ಏನೂ ಗೊತ್ತಾಗುವುದಿಲ್ಲ. ‘ತಿಪಟೂರಿನ ಸರ್ಕಾರಿ ಆಸ್ಪತ್ರೆಯಲ್ಲಿ’ ಅಂತ ಬರೆಯಬೇಕಾಗಿ ಬಂದಿದ್ದರೆ, ಬರೆಯುವಾಗಲೇ ಆಕೆಗೆ ತಾನು ತಪ್ಪು ಕಚೇರಿಗೆ ಬರೆಯುತ್ತಿದ್ದೇನೆ ಅನ್ನುವುದು ಹೊಳೆಯುತ್ತಿತ್ತು.

ವಿಳಾಸದ ಸಾಲಿನದೂ ಇದೇ ಕತೆ. ‘ಉಪನೋಂದಣಾಧಿಕಾರಿ’ ಅಂದರೆ ಜನ ಸಬ್ ರಿಜಿಸ್ಟ್ರಾರ್ ಅನ್ನುತ್ತಾರಲ್ಲ, ಅವರು. ಕ್ರಯಪತ್ರ, ಅಡಮಾನ ಪತ್ರ, ಮದುವೆ ನೋಂದಣಿ ಅವರ ಕೆಲಸ. ಹುಟ್ಟಿನ ನೋಂದಣಿ ಅಲ್ಲಿಲ್ಲ. ಪಟ್ಟಣದಲ್ಲಾದರೆ ಪುರಸಭೆ, ನಗರಸಭೆ, ಪಾಲಿಕೆಗಳಲ್ಲಿ ಅದಕ್ಕೇ ಗೊತ್ತುಮಾಡಿದ ಜನನ ಮತ್ತು ಮರಣ ನೋಂದಣಾಧಿಕಾರಿ ಇರುತ್ತಾರೆ. ಹಳ್ಳಿಯಲ್ಲಾದರೆ ಹಿಂದೆ ಗ್ರಾಮ ಲೆಕ್ಕಾಧಿಕಾರಿ ಅನ್ನುತ್ತಿದ್ದವರು, ಈಗ ಗ್ರಾಮ ಆಡಳಿತಾಧಿಕಾರಿ. ಅಲ್ಲಿನ ಹಳೆಯ ರಿಜಿಸ್ಟರುಗಳು ಸಾಮಾನ್ಯವಾಗಿ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಸಿಗುತ್ತವೆ. ‘ಸನ್ಮಾನ್ಯ ಶ್ರೀ’ ಮತ್ತು ‘ದಿವ್ಯ ಸಮ್ಮುಖ’ದ ನಡುವೆ ಸಿಕ್ಕಿಕೊಂಡ ಹುದ್ದೆಯ ಹೆಸರು ಸರಿಯಿದೆಯೇ ಅಂತ ಬರೆದವರು ನೋಡಿಯೇ ಇಲ್ಲ.

ಮೇಷ್ಟ್ರು: ಹಾಗಾದರೆ ‘1987-88ನೇ ಸಾಲು’ ಕೂಡ ನಿಮ್ಮ ಪಟ್ಟಿಗೆ ಸೇರಬೇಕು. ನನ್ನ ಕಿವಿಗೆ ಅದು ಶಾಲೆಯ ಮಾತು. ಸಾಲು ಎಂದರೆ ಶೈಕ್ಷಣಿಕ ವರ್ಷ, ಇಲ್ಲವೇ ಬಜೆಟ್ಟಿನ ಏಪ್ರಿಲ್‌ನಿಂದ ಮಾರ್ಚ್. ಹುಟ್ಟು ಸಾಲಿನಲ್ಲಿ ಆಗುವುದಿಲ್ಲ, ದಿನಾಂಕದಂದು ಆಗುತ್ತದೆ.

ಗುಮಾಸ್ತರು: ಸರಿಯಾಗಿ ಹಿಡಿದಿರಿ, ಅದಕ್ಕೆ ದುಡ್ಡಿನ ಲೆಕ್ಕವೂ ಅಂಟಿಕೊಂಡಿದೆ. ಜನನ ರಿಜಿಸ್ಟರ್ ಜನವರಿಯಿಂದ ಡಿಸೆಂಬರಿನದು. ಹುಡುಕಾಟಕ್ಕೆ ಶುಲ್ಕವಿದೆ, ಅದು ವರ್ಷದ ಲೆಕ್ಕದಲ್ಲಿ: ಒಂದು ವರ್ಷದ ರಿಜಿಸ್ಟರ್ ನೋಡಲು ಇಷ್ಟು, ಹೆಚ್ಚಿನ ಪ್ರತಿ ವರ್ಷಕ್ಕೂ ಮತ್ತಿಷ್ಟು, ಪ್ರತಿಗೆ ಬೇರೆ. ಮೊತ್ತ ದೊಡ್ಡದಲ್ಲ. ಆದರೆ ಯಾವ ವರ್ಷ ಅಂತ ಹೇಳದಿದ್ದರೆ ಎಷ್ಟು ಕಟ್ಟಿಸಿಕೊಳ್ಳಬೇಕು ಅಂತಲೇ ಗೊತ್ತಾಗುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಇನ್ನೊಂದು ತಿರುವಿದೆ. ಡಿಸೆಂಬರ್ 27ಕ್ಕೆ ಹುಟ್ಟು. ವಿಳಂಬ ಶುಲ್ಕವಿಲ್ಲದೆ ನೋಂದಾಯಿಸಲು ಕೆಲವು ದಿನಗಳ ಅವಕಾಶ ಇತ್ತು. ಅಂದರೆ ಆಸ್ಪತ್ರೆಯ ವರದಿ ಜನವರಿಯಲ್ಲೂ ಬಂದಿರಬಹುದು. ಹೊಸ ವರ್ಷದಲ್ಲಿ ಬಂದ ವರದಿಗೆ ಹೊಸ ವರ್ಷದ ಸರಣಿಯಲ್ಲೇ ನೋಂದಣಿ ಸಂಖ್ಯೆ ಬೀಳುತ್ತದೆ. 1987ರ ಕಟ್ಟು ಮಾತ್ರ ತಿರುವಿಹಾಕಿದರೆ ‘ಇಲ್ಲ’ ಅನ್ನುವ ಉತ್ತರ ಬರಬಹುದು, ನಮೂದು 1988ರ ಮೊದಲ ಹಾಳೆಗಳಲ್ಲಿ ತಣ್ಣಗೆ ಕೂತಿರಬಹುದು. ಆದ್ದರಿಂದ ‘1987, ಅಲ್ಲಿ ಇಲ್ಲದಿದ್ದರೆ 1988ರ ಜನವರಿ’ ಅಂತ ಪತ್ರದಲ್ಲೇ ಕೇಳುವುದು ಸರಿಯಾದ ನುಡಿ. ‘1987-88ನೇ ಸಾಲು’ ಅನ್ನುವುದೂ ಅದನ್ನೇ ಹೇಳಿದಂತೆ ಕಾಣುತ್ತದೆ, ಆದರೆ ಅದನ್ನು ಓದಿದವನಿಗೆ ಇವರಿಗೆ ತಮ್ಮ ಹುಟ್ಟಿದ ತಾರೀಖೇ ಗೊತ್ತಿಲ್ಲ ಅನ್ನಿಸುತ್ತದೆ.

ಹೆಸರಿನ ವಿಚಾರ ಇದಕ್ಕಿಂತ ಗಟ್ಟಿ. ವರದಿ ಹೋಗುವುದು ಹುಟ್ಟಿದ ಕೆಲವೇ ದಿನಗಳಲ್ಲಿ, ನಾಮಕರಣಕ್ಕೆ ಮುಂಚೆ. ಹಾಗಾಗಿ ಹಳೆಯ ರಿಜಿಸ್ಟರಿನಲ್ಲಿ ಮಗುವಿನ ಹೆಸರಿನ ಕಾಲಂ ಎಷ್ಟೋ ಕಡೆ ಖಾಲಿ. ‘ಹೆಣ್ಣು’ ಅಂತ ಲಿಂಗ, ತಂದೆಯ ಹೆಸರು, ತಾಯಿಯ ಹೆಸರು, ವಿಳಾಸ, ಅಷ್ಟೆ. ಅರ್ಜಿದಾರರು ತಮ್ಮ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದು ತಂದೆ-ತಾಯಿಯ ಹೆಸರು ಬಿಟ್ಟರೆ ಹುಡುಕಲು ಹಿಡಿಯೇ ಇಲ್ಲ. ಆ ತಂದೆ-ತಾಯಿಯ ಹೆಸರಾದರೂ ಯಾವ ರೂಪದಲ್ಲಿದೆ? ಆಸ್ಪತ್ರೆಯ ಹೆರಿಗೆಯನ್ನು ವರದಿ ಮಾಡುವ ಹೊಣೆ ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಯದು. ಹಾಸಿಗೆಯ ಪಕ್ಕದಲ್ಲಿದ್ದ ಅಜ್ಜಿ ಹೇಳಿದ ಹೆಸರು ಅಲ್ಲಿ ಬರೆದಿರುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಶಿವಕುಮಾರ್ ಆದವರು ರಿಜಿಸ್ಟರಿನಲ್ಲಿ ಶಿವಣ್ಣ ಆಗಿರಬಹುದು. ಅದಕ್ಕೇ ‘ಶಿವಕುಮಾರ್, ಮನೆಯಲ್ಲಿ ಕರೆಯುವ ಹೆಸರು ಶಿವಣ್ಣ’ ಅಂತ ಎರಡನ್ನೂ ಕೊಡುವುದು ಅನೌಪಚಾರಿಕವಲ್ಲ. ಆಗಿನ ತವರಿನ ವಿಳಾಸ ಬರೆದರೆ ಇನ್ನೂ ಒಳ್ಳೆಯದು.

ಮೇಷ್ಟ್ರು: ಈಗ ನನಗೆ ‘ಕೋರಲಾಗಿದೆ’ ಬೇರೆ ರೀತಿಯಲ್ಲಿ ಕಾಣುತ್ತಿದೆ. ಅದು ಬರೀ ಕರ್ಮಣಿ ಪ್ರಯೋಗದ ಚಾಳಿ ಎಂದುಕೊಂಡಿದ್ದೆ. ಆದರೆ ನೋಡಿ, ‘ಸೂಚಿಸಲಾಗಿದೆ’, ‘ತಿಳಿಸಲಾಗಿದೆ’, ‘ಲಗತ್ತಿಸಲಾಗಿದೆ’ ಇವೆಲ್ಲ ಕಚೇರಿಯಿಂದ ಹೊರಗೆ ಬರುವ ಪತ್ರಗಳ ಭಾಷೆ. ಕಚೇರಿಗೆ ಅದರಿಂದ ಅನುಕೂಲವಿದೆ. ಆದೇಶ ಕೊಟ್ಟವರು ವ್ಯಕ್ತಿಯಲ್ಲ, ಹುದ್ದೆ. ನಾಗರಿಕನು ಅದನ್ನು ಸರ್ಕಾರಿ ಕನ್ನಡ ಎಂದು ತಿಳಿದು ಎತ್ತಿಕೊಂಡಿದ್ದಾನೆ. ಕೋರುವವನು ಒಬ್ಬ ಮನುಷ್ಯ, ಅವನಿಗೆ ಹೆಸರು, ವಿಳಾಸ, ಫೋನ್ ನಂಬರು ಇವೆ. ‘ಕೋರಲಾಗಿದೆ’ ಎಂದೊಡನೆ ಕೋರಿದವನು ಮಾಯ. ‘ಕೋರುತ್ತೇನೆ’ ಎಂದು ಬರೆದಿದ್ದರೆ ಕೆಳಗೆ ಆ ‘ನಾನು’ ಯಾರೆಂದು ಹೇಳಬೇಕಾಗುತ್ತಿತ್ತು. ಪತ್ರದ ಕೊನೆಯಲ್ಲಿ ಹೆಸರು ಬಿಟ್ಟುಹೋದದ್ದು ಹೀಗೇ ಇರಬೇಕು.

ಗುಮಾಸ್ತರು: ಅದೇ ಜಾತಿಯ ಇನ್ನೆರಡು ಮಾತುಗಳು ಕೊನೆಯ ಸಾಲಿನಲ್ಲಿವೆ. ‘ಅವಗಾಹನೆಗೆ’ ಅಂದರೆ ಓದಿ ತಿಳಿದುಕೊಳ್ಳಿ ಅಂತ. ಕಚೇರಿಯಲ್ಲಿ ಹಾಗೆ ಗುರುತು ಹಾಕಿ ಬಂದ ಪತ್ರಕ್ಕೆ ಕ್ರಮವೇ ಬೇಕಿಲ್ಲ. ನೋಡಿದೆ, ಕಡತಕ್ಕೆ ಸೇರಿಸಿದೆ, ಮುಗಿಯಿತು. ಅದರ ಬೆನ್ನಿಗೇ ‘ಮುಂದಿನ ಸೂಕ್ತ ಕ್ರಮಕ್ಕಾಗಿ’. ಇದು ಮೇಲಿನ ಕಚೇರಿ ಕೆಳಗಿನ ಕಚೇರಿಗೆ ದೂರನ್ನು ದಾಟಿಸುವಾಗ ಬರೆಯುವ ಮಾತು. ಏನು ಮಾಡಬೇಕು ಅಂತ ದಾಟಿಸುವವರಿಗೆ ಗೊತ್ತಿರುವುದಿಲ್ಲ, ಹಾಗಾಗಿ ಸೂಕ್ತವಾದದ್ದನ್ನು ನೀವೇ ನೋಡಿಕೊಳ್ಳಿ ಅನ್ನುತ್ತಾರೆ. ಅರ್ಜಿದಾರರಿಗೆ ತಮಗೇನು ಬೇಕು ಅಂತ ಗೊತ್ತಿದೆಯಲ್ಲ? ಬೇಕಾದದ್ದನ್ನು ಹೆಸರಿಸದೆ ‘ಸೂಕ್ತ’ ಅಂದರೆ, ಕಚೇರಿಗೆ ಸೂಕ್ತವೆನಿಸಿದ್ದು ಆಗುತ್ತದೆ. ಬಹುಮಟ್ಟಿಗೆ ಅದು ‘ಖುದ್ದಾಗಿ ಬಂದು ವಿಚಾರಿಸಿ’ ಅನ್ನುವ ಒಂದು ಸಾಲಿನ ಉತ್ತರ.

ಮೇಷ್ಟ್ರು: ಒಂದು ಆಕ್ಷೇಪಣೆ ಎತ್ತುತ್ತೇನೆ. ನೀವು ವಿನಯದ ಮಾತುಗಳನ್ನು ಒಂದೊಂದಾಗಿ ಕಿತ್ತುಹಾಕುತ್ತಿದ್ದೀರಿ. ಆದರೆ ಓದುವವರೂ ಮನುಷ್ಯರೇ. ‘ತಮ್ಮ’, ‘ದಯವಿಟ್ಟು’, ‘ಮಾನ್ಯರೇ’ ಇಲ್ಲದ ಪತ್ರ ಒರಟಾಗಿ ಕಾಣಬಹುದು, ಒರಟಾಗಿ ಕಂಡ ಪತ್ರ ಕಟ್ಟಿನ ಅಡಿಗೆ ಹೋಗಬಹುದು. ಹಳೆಯ ಅರ್ಜಿಗಳ ವಿಧೇಯತೆ ಸುಮ್ಮನೆ ಬೆಳೆದದ್ದಲ್ಲ. ಕೊಡುವವನ ಕೈ ಮೇಲೆ, ಬೇಡುವವನದು ಕೆಳಗೆ ಎಂಬ ಅನುಭವದಿಂದ ಬೆಳೆದದ್ದು.

ಗುಮಾಸ್ತರು: ‘ಮಾನ್ಯರೇ’ ಇರಲಿ, ‘ದಯವಿಟ್ಟು’ ಒಂದು ಸಲ ಇರಲಿ, ‘ತಾವು’ ಅನ್ನುವುದನ್ನಂತೂ ಬಿಡಲೇಬಾರದು. ನಾನು ಆಕ್ಷೇಪಿಸುವುದು ಬೇಡುವ ಧಾಟಿಯನ್ನು, ಅದಕ್ಕೂ ಕಾರಣ ಸ್ವಾಭಿಮಾನವಲ್ಲ, ಕಾನೂನು. ಅದೇ 1969ರ ಕಾಯ್ದೆಯ 17ನೇ ಕಲಂ ನೋಡಿ. ನಿಗದಿಯಾದ ಶುಲ್ಕ ಕೊಟ್ಟು ಯಾವುದೇ ವ್ಯಕ್ತಿ ರಿಜಿಸ್ಟರಿನಲ್ಲಿ ಹುಡುಕಾಟ ಮಾಡಿಸಬಹುದು, ದಾಖಲೆಯ ಪ್ರತಿ ಪಡೆಯಬಹುದು. ಗುರುತಿನ ಚೀಟಿ ಕೇಳುವುದು ಕಚೇರಿಯ ರೂಢಿ, ಕೊಟ್ಟರೆ ತಪ್ಪೇನಿಲ್ಲ. ಆದರೆ ದಯಪಾಲಿಸಲು ಅಲ್ಲಿ ಏನೂ ಇಲ್ಲ. ಬೇಡುವ ಧಾಟಿ ಹಿಡಿದವರು ಕಾರಣಗಳನ್ನು ಪೇರಿಸುತ್ತಾರೆ: ಕಳೆದುಹೋಯಿತು, ಮನೆ ಬದಲಾಯಿಸುವಾಗ, ತುಂಬಾ ತೊಂದರೆಯಲ್ಲಿದ್ದೇನೆ. ಆ ಕಾರಣಗಳು ಪುಟ ತುಂಬುತ್ತವೆ, ತಾರೀಖು ಬಿಟ್ಟುಹೋಗುತ್ತದೆ. ಕೆಲವು ಕಾರಣಗಳಂತೂ ತಿರುಗಿಬೀಳುತ್ತವೆ. ‘ಕಳೆದುಹೋಗಿದೆ’ ಅಂತ ಬರೆದರೆ ಪೊಲೀಸ್ ದೂರಿನ ಪ್ರತಿ ಎಲ್ಲಿ ಅಂತ ಯಾರಾದರೂ ಕೇಳಬಹುದು. ರಿಜಿಸ್ಟರಿನಿಂದ ಹೊಸ ಪ್ರತಿ ಕೊಡಲು ಹಳೆಯದು ಏನಾಯಿತು ಅನ್ನುವುದು ಬೇಕೇ ಇಲ್ಲ. ಗಡುವು ಇದ್ದರೆ ಗಡುವಿನ ತಾರೀಖು ಬರೆಯಲಿ, ‘ಅರ್ಜೆಂಟ್’ ಅಂತ ಎರಡು ಆಶ್ಚರ್ಯಸೂಚಕ ಹಾಕುವುದು ಬೇಡ.

ಮೇಷ್ಟ್ರು: ‘ಅದರಲ್ಲಿ ನನ್ನ ಹೆಸರನ್ನೂ ಸೇರಿಸಿ’ ಎಂಬ ತುಣುಕಿನ ಬಗ್ಗೆ ನೀವೇನೂ ಹೇಳಲಿಲ್ಲ. ವಾಕ್ಯರಚನೆಯಲ್ಲಿ ಅದು ಒಂದು ಅಧೀನ ಕ್ರಿಯೆ, ‘ದಯಪಾಲಿಸು’ವಿನ ಬಾಲ. ಬರೆದವರಿಗೆ ಅದು ಚಿಕ್ಕ ವಿಷಯ ಎಂಬುದು ರಚನೆಯಲ್ಲೇ ಗೊತ್ತಾಗುತ್ತದೆ.

ಗುಮಾಸ್ತರು: ಕಚೇರಿಗೆ ಅದೇ ದೊಡ್ಡ ವಿಷಯ. ಪ್ರತಿ ಅಂದರೆ ರಿಜಿಸ್ಟರಿನಲ್ಲಿ ಏನಿದೆಯೋ ಅದು, ಒಂದು ಚುಕ್ಕೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಮಗುವಿನ ಹೆಸರು ಸೇರಿಸುವುದು 14ನೇ ಕಲಮಿನ ಕೆಲಸ, ತಪ್ಪಾದ ನಮೂದು ತಿದ್ದುವುದು 15ನೆಯದರ ಕೆಲಸ. ಎರಡಕ್ಕೂ ಬೇರೆ ಅರ್ಜಿ, ಬೇರೆ ಪುರಾವೆ, ಹೆಸರು ಸೇರಿಸಲಂತೂ ಕಾಲಮಿತಿಯ ಪ್ರಶ್ನೆ. ಪ್ರತಿಯ ಅರ್ಜಿಯೊಳಗೆ ಇದನ್ನು ತೂರಿಸಿದರೆ ಸುಲಭದ ಕೆಲಸ ಕಷ್ಟದ ಕೆಲಸದ ಹಿಂದೆ ಸಾಲು ನಿಲ್ಲುತ್ತದೆ. ಅದೂ ಅಲ್ಲದೆ ಹೆಸರು ಸೇರಿಸಬೇಕೋ ಬೇಡವೋ ಅನ್ನುವುದು ಪ್ರತಿ ಕೈಗೆ ಬಂದಮೇಲೆ ತಾನೆ ಗೊತ್ತಾಗುವುದು? ಮೊದಲ ಪತ್ರದಲ್ಲಿ ಪ್ರತಿ ಮಾತ್ರ ಕೇಳಬೇಕು.

ಮೇಷ್ಟ್ರು: ಇಷ್ಟೆಲ್ಲ ತಿದ್ದಿದ ಮೇಲೂ ಒಂದು ಬುಡದ ಪ್ರಶ್ನೆ ಉಳಿಯುತ್ತದೆ. ಇ-ಮೇಲ್‌ನಲ್ಲಿ ಕಳಿಸಿದ್ದು ಅರ್ಜಿಯೇ? ಕೌಂಟರಿನಲ್ಲಿ ಕೊಟ್ಟರೆ ಮಾತ್ರ ಅರ್ಜಿ ಎನ್ನುವವರಿದ್ದಾರೆ. ಹಾಗಿದ್ದರೆ ಪದಗಳನ್ನು ಈ ಪರಿ ತಿದ್ದಿ ಪ್ರಯೋಜನವೇನು? ಇ-ಮೇಲ್‌ಗೂ ಕಾನೂನಿನ ಮಾನ್ಯತೆ ಇದೆ ಎಂದು ಇನ್ನು ಕೆಲವರು ವಾದಿಸುತ್ತಾರೆ.

ಗುಮಾಸ್ತರು: ಇಬ್ಬರದೂ ಅರ್ಧ ಸರಿ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ವಿದ್ಯುನ್ಮಾನ ದಾಖಲೆಗೆ ಮಾನ್ಯತೆ ಕೊಡುತ್ತದೆ, ಸರ್ಕಾರಿ ಕಚೇರಿಗಳು ಅರ್ಜಿಯನ್ನು ಆ ರೂಪದಲ್ಲಿ ತೆಗೆದುಕೊಳ್ಳಬಹುದು ಅನ್ನುತ್ತದೆ. ಅದೇ ಕಾಯ್ದೆಯ 9ನೇ ಕಲಂ ಮಾತ್ರ, ಹಾಗೆ ತೆಗೆದುಕೊಳ್ಳಲೇಬೇಕು ಅಂತ ಒತ್ತಾಯಿಸುವ ಹಕ್ಕು ಯಾರಿಗೂ ಇದರಿಂದ ಬರುವುದಿಲ್ಲ ಅಂತ ಸ್ಪಷ್ಟ ಮಾಡಿದೆ. ಕರ್ನಾಟಕದಲ್ಲಿ ಸಕಾಲ ಇದೆ, 2011ರ ಕಾಯ್ದೆ. ಅದರಡಿ ಅರ್ಜಿ ಸ್ವೀಕಾರವಾದಾಗ ಒಂದು ಸಂಖ್ಯೆ ಕೊಡುತ್ತಾರೆ, ಗಡುವು ಓಡುವುದು ಆ ಸಂಖ್ಯೆಯಿಂದ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವೂ ಇದೆ. ಬರೀ ಇ-ಮೇಲ್ ಕಳಿಸಿ ‘ಸಕಾಲದ ಅವಧಿ ಮುಗಿದಿದೆ’ ಅಂತ ಬರೆಯುವುದು ತಪ್ಪು, ಸಂಖ್ಯೆಯೇ ಹುಟ್ಟಿಲ್ಲ. ಇನ್ನು ಕೆಲವರು ಹೆದರಿಸಲೆಂದು ‘ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ ಕೊಡಿ’ ಅಂತ ಒಂದು ಸಾಲು ಸೇರಿಸುತ್ತಾರೆ. ಮಾಹಿತಿ ಹಕ್ಕಿನ ಅರ್ಜಿಗೆ ಅದರದೇ ಶುಲ್ಕವಿದೆ, ಅದರದೇ ಅಧಿಕಾರಿ ಇದ್ದಾರೆ. ಕರ್ನಾಟಕದ ನಿಯಮದಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಅನ್ನುವ ಮಿತಿಯೂ ಇದೆ. ಆ ಸಾಲು ಸೇರಿಸಿದರೆ ಪತ್ರ ಅದೂ ಆಗುವುದಿಲ್ಲ, ಇದೂ ಆಗುವುದಿಲ್ಲ.

ಆದರೆ ಇದರಿಂದ ಇ-ಮೇಲ್ ವ್ಯರ್ಥ ಅಂತ ಆಗುವುದಿಲ್ಲ. ಅದರ ನಿಜವಾದ ಕೆಲಸ ಏನು ಅನ್ನುವುದು ಗೊತ್ತಾಗುತ್ತದೆ ಅಷ್ಟೆ. ದೂರದಲ್ಲಿರುವವರು ಇ-ಮೇಲ್‌ನಿಂದ ಮಾಡಿಸಿಕೊಳ್ಳಬೇಕಾದದ್ದು ಮೂರು: ದಾಖಲೆ ಆ ಕಚೇರಿಯಲ್ಲೇ ಇದೆಯೇ, ಶುಲ್ಕ ಎಷ್ಟು ಮತ್ತು ಹೇಗೆ ಕಟ್ಟಬೇಕು, ತಾವು ಬರಲಾಗದಿದ್ದರೆ ಯಾರನ್ನು ಯಾವ ಕಾಗದದೊಂದಿಗೆ ಕಳಿಸಬೇಕು. ಈ ಮೂರನ್ನೂ ಪ್ರಶ್ನೆಯಾಗಿಯೇ ಕೇಳಿದರೆ ಉತ್ತರ ಬರೆಯುವುದು ಕಚೇರಿಗೂ ಸುಲಭ. ‘ಕೂಡಲೇ ಇ-ಮೇಲ್‌ನಲ್ಲೇ ಪ್ರಮಾಣ ಪತ್ರ ಕಳಿಸಿ’ ಅಂದರೆ ಶುಲ್ಕ ಕಟ್ಟದೆ ಆಗುವುದಿಲ್ಲ ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ.

ಮೇಷ್ಟ್ರು: ಸರಿ, ಇಷ್ಟನ್ನೂ ಸೇರಿಸಿ ನಾನೇ ತಿದ್ದಿ ಬರೆಯುತ್ತೇನೆ. ಹೆಸರಿನ ಜಾಗಗಳನ್ನು ಖಾಲಿ ಬಿಟ್ಟಿದ್ದೇನೆ.

ವಿಷಯ: ಜನನ ಪ್ರಮಾಣ ಪತ್ರದ ಪ್ರತಿ ಕೋರಿಕೆ – ಜನನ ದಿನಾಂಕ 27 ಡಿಸೆಂಬರ್ 1987, ಸರ್ಕಾರಿ ಆಸ್ಪತ್ರೆ, ತಿಪಟೂರು

ಜನನ ಮತ್ತು ಮರಣ ನೋಂದಣಾಧಿಕಾರಿಗಳಿಗೆ,
ನಗರಸಭೆ, ತಿಪಟೂರು

ಮಾನ್ಯರೇ,

ನನ್ನ ಜನನ ಪ್ರಮಾಣ ಪತ್ರದ ಪ್ರತಿಯನ್ನು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ನಾನು 27 ಡಿಸೆಂಬರ್ 1987ರಂದು ತಿಪಟೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಜನಿಸಿದೆ. ಹೆಣ್ಣು. ತಂದೆಯ ಹೆಸರು ........ (ಮನೆಯಲ್ಲಿ ಕರೆಯುವ ಹೆಸರು ........), ತಾಯಿಯ ಹೆಸರು ......... ಆಗ ತಾಯಿ ಇದ್ದ ತವರಿನ ವಿಳಾಸ ......... ನೋಂದಣಿಯ ಸಮಯದಲ್ಲಿ ನನಗೆ ಹೆಸರಿಟ್ಟಿರಲಿಲ್ಲವಾದ್ದರಿಂದ ರಿಜಿಸ್ಟರಿನಲ್ಲಿ ಹೆಸರು ಇಲ್ಲದಿರಬಹುದು. ನೋಂದಣಿ ಸಂಖ್ಯೆ ನನ್ನ ಬಳಿ ಇಲ್ಲ.

ದಯವಿಟ್ಟು 1987ರ ರಿಜಿಸ್ಟರಿನಲ್ಲಿ, ಅಲ್ಲಿ ಸಿಗದಿದ್ದರೆ 1988ರ ಜನವರಿ ತಿಂಗಳ ನಮೂದುಗಳಲ್ಲಿ ಹುಡುಕಿಸಿ. ಹುಡುಕಾಟಕ್ಕೂ ಎರಡು ಪ್ರತಿಗಳಿಗೂ ಎಷ್ಟು ಶುಲ್ಕ, ಅದನ್ನು ಹೇಗೆ ಪಾವತಿಸಬೇಕು ಎಂಬುದನ್ನು ತಿಳಿಸಿ. ನಾನು ಹೊರದೇಶದಲ್ಲಿರುವುದರಿಂದ ನನ್ನ ಪರವಾಗಿ ನನ್ನ ಸೋದರಮಾವ ಬಂದು ಪ್ರತಿ ಪಡೆಯಬಹುದೇ, ಅವರು ಯಾವ ದಾಖಲೆ ತರಬೇಕು ಎಂಬುದನ್ನೂ ತಿಳಿಸಿ. ದಾಖಲೆ ಸಿಗದಿದ್ದರೆ ದಾಖಲೆ ಲಭ್ಯವಿಲ್ಲವೆಂಬ ಪ್ರಮಾಣ ಪತ್ರ ನೀಡಬೇಕೆಂದು ಕೋರುತ್ತೇನೆ.

ಲಗತ್ತು: 1. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ 2. ಎಸ್ಸೆಸ್ಸೆಲ್ಸಿ ಅಂಕಪಟ್ಟಿ

ವಂದನೆಗಳೊಂದಿಗೆ,
(ಪೂರ್ಣ ಹೆಸರು, ಅಂಚೆ ವಿಳಾಸ, ಮೊಬೈಲ್ ಸಂಖ್ಯೆ)

ಗುಮಾಸ್ತರು: ವಿಷಯದ ಸಾಲಿಗೇ ತಾರೀಖು, ಆಸ್ಪತ್ರೆ ತಂದದ್ದು ಒಳ್ಳೆಯದು, ಆವಕ ಪುಸ್ತಕಕ್ಕೆ ಇಳಿಸುವವರು ಓದುವುದು ಅದೊಂದನ್ನೇ. ತಾರೀಖಿನಲ್ಲಿ ತಿಂಗಳನ್ನು ಅಕ್ಷರದಲ್ಲಿ ಬರೆದದ್ದೂ ಸರಿ. ವಿದೇಶದಲ್ಲಿದ್ದವರು ತಿಂಗಳನ್ನು ಮುಂದೆ ಹಾಕುವ ಅಭ್ಯಾಸದಲ್ಲಿ 5-6 ಅನ್ನುವುದನ್ನು 6-5 ಮಾಡಿಬಿಡುತ್ತಾರೆ. ಲಗತ್ತಿಗೆ ಅಂಕಿ ಹಾಕಿ ಹೆಸರಿಸಿದ್ದೀರಿ, ‘ಅಗತ್ಯ ದಾಖಲೆಗಳು’ ಅಂತ ಬರೆದು ಏನೂ ಸೇರಿಸದೆ ಕಳಿಸುವ ಅಪಾಯ ಇಲ್ಲಿಲ್ಲ. ಇನ್ನೊಂದು, ಇದು ಟೈಪ್ ಮಾಡುವವರಿಗೆ: ಹಳೆಯ ನುಡಿ ಅಕ್ಷರದಲ್ಲಿ ಬರೆದು ಇ-ಮೇಲ್‌ಗೆ ಅಂಟಿಸಿದರೆ ಆಚೆ ಕಡೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡ್‌ನಲ್ಲೇ ಬರೆಯಬೇಕು, ಇಲ್ಲದಿದ್ದರೆ ಪಿಡಿಎಫ್ ಮಾಡಿ ಸೇರಿಸಬೇಕು.

ಮೇಷ್ಟ್ರು: ಇಷ್ಟು ಕಷ್ಟಪಟ್ಟು ಕನ್ನಡದಲ್ಲೇಕೆ, ಇಂಗ್ಲಿಷಿನಲ್ಲಿ ಬರೆದರಾಗದೇ ಎಂದು ಆಕೆ ಕೇಳಿಯಾಳು. ಹಾಗೆಯೇ ಜಿಲ್ಲಾಧಿಕಾರಿಗೂ ಮಂತ್ರಿಗೂ ಒಂದೊಂದು ಪ್ರತಿ ಕಳಿಸಿದರೆ ಬೇಗ ಆಗುತ್ತದೆ ಎನ್ನುವ ಸಲಹೆಯೂ ಬರುತ್ತದೆ.

ಗುಮಾಸ್ತರು: ಇಂಗ್ಲಿಷಿನಲ್ಲಿ ಬರೆದರೆ ಯಾರೂ ಹರಿದುಹಾಕುವುದಿಲ್ಲ. ಆದರೆ 1987ರ ನಮೂದು ಕನ್ನಡ ಕೈಬರಹದಲ್ಲಿರುವ ಸಂಭವವೇ ಹೆಚ್ಚು, ಹುಡುಕುವವರು ತಂದೆಯ ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸುತ್ತಾರೆ. ಇಂಗ್ಲಿಷ್ ಕಾಗುಣಿತದಲ್ಲಿ ‘ನ’ ಯಾವುದು ‘ಣ’ ಯಾವುದು, ದೀರ್ಘ ಎಲ್ಲಿ ಅನ್ನುವುದು ತಿಳಿಯುವುದಿಲ್ಲ. ಕಡೇಪಕ್ಷ ಹೆಸರುಗಳನ್ನು ಎರಡು ಲಿಪಿಯಲ್ಲೂ ಕೊಡಲಿ. ಮೇಲಿನವರಿಗೆ ಪ್ರತಿ ಕಳಿಸುವುದು ಮೊದಲ ಪತ್ರದಲ್ಲೇ ಬೇಡ. ಆ ಪ್ರತಿಗಳು ಅಲ್ಲಿಂದ ‘ಸೂಕ್ತ ಕ್ರಮಕ್ಕಾಗಿ’ ಅಂತ ಕೆಳಗಿಳಿದು, ಒಂದೇ ಕೋರಿಕೆ ಮೂರು ನಂಬರಿನಲ್ಲಿ ಮೂರು ಕಡತವಾಗಿ ಅದೇ ಟೇಬಲ್ಲಿಗೆ ಬಂದು ಕೂರುತ್ತದೆ. ಒಂದಕ್ಕೆ ಉತ್ತರಿಸಿದರೂ ಉಳಿದೆರಡು ಬಾಕಿ ಅಂತ ಕಾಣುತ್ತವೆ.

ಮೇಷ್ಟ್ರು: ಹುಡುಕಿಯೂ ಸಿಗಲಿಲ್ಲ ಎಂದಿಟ್ಟುಕೊಳ್ಳಿ. ಆಗ ಪತ್ರ ಸೋತಂತಾಯಿತೇ?

ಗುಮಾಸ್ತರು: ಇಲ್ಲ, ನೀವು ಕೊನೆಗೆ ಸೇರಿಸಿದ ವಾಕ್ಯದ ಬೆಲೆ ಆಗಲೇ ತಿಳಿಯುವುದು. ಫೋನಿನಲ್ಲಿ ಬರುವ ‘ಇಲ್ಲಮ್ಮ, ಸಿಗಲಿಲ್ಲ’ ಅನ್ನುವ ಉತ್ತರದಿಂದ ಏನೂ ಮಾಡಲಾಗುವುದಿಲ್ಲ. ದಾಖಲೆ ಲಭ್ಯವಿಲ್ಲವೆಂಬ ಪ್ರಮಾಣ ಪತ್ರಕ್ಕೆ ನೋಂದಣಿ ನಿಯಮಗಳಲ್ಲೇ ಗೊತ್ತುಮಾಡಿದ ನಮೂನೆಯಿದೆ, ನಮೂನೆ 10. ಯಾವ ಅವಧಿಯ ದಾಖಲೆ ನೋಡಲಾಯಿತು ಅನ್ನುವುದನ್ನು ಅದರಲ್ಲಿ ಬರೆದು ಸಹಿ, ಮೊಹರು ಹಾಕಿ ಕೊಡುತ್ತಾರೆ. ಅದು ಕೈಯಲ್ಲಿದ್ದರೆ 13ನೇ ಕಲಮಿನ ಪ್ರಕಾರ ತಡವಾದ ನೋಂದಣಿಗೆ ಹೋಗಬಹುದು. ಹುಟ್ಟಿ ಒಂದು ವರ್ಷ ದಾಟಿದ್ದರೆ ಅದಕ್ಕೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಹಿಂದೆ ಅದು ಕೋರ್ಟಿನ ಕೆಲಸ, 2023ರ ತಿದ್ದುಪಡಿಯ ನಂತರ ಜಿಲ್ಲಾ ಮ್ಯಾಜಿಸ್ಟ್ರೇಟ್ ಇಲ್ಲವೇ ಉಪವಿಭಾಗದ ಮ್ಯಾಜಿಸ್ಟ್ರೇಟ್, ಅಂದರೆ ಡಿ.ಸಿ., ಎ.ಸಿ. ಕಚೇರಿಗಳ ಕೆಲಸ. ಅಲ್ಲಿ ಮೊದಲು ಕೇಳುವುದು ಆ ನಮೂನೆಯನ್ನೇ. 1987ರ ಜೊತೆಗೆ 1988ರ ಜನವರಿಯನ್ನೂ ನೋಡಿದ್ದಾರೆ ಅಂತ ಅದರಲ್ಲಿ ಬರೆದಿರಬೇಕು. ಬರೆದಿಲ್ಲದಿದ್ದರೆ ಅದನ್ನು ಹಿಡಿದು ಎ.ಸಿ. ಕಚೇರಿಗೆ ಹೋಗುವ ಮೊದಲು ನಗರಸಭೆಗೇ ವಾಪಸು ಹೋಗಿ ಬರೆಸಿಕೊಂಡು ಬರುವುದು ಒಳ್ಳೆಯದು.